ಒಳಗಿನ ಫೋಟೋ ನೋಡಿ ಬೋರ್ಡು, ಗ್ರಾಫಿಕ್ಸ್ ಕಾರ್ಡು ಗುರುತಿಸುವುದು: ಚಳ್ಳಕೆರೆಯ ಒಂದು ಡೆಸ್ಕ್‌ಟಾಪಿನ ಲೆಕ್ಕ

ಅಕ್ಕನ ಮಗ ಚಳ್ಳಕೆರೆಯಲ್ಲಿ ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದಾನೆ. ಮದುವೆ ವಿಡಿಯೋ ಎಡಿಟಿಂಗ್ ಮನೆಯಲ್ಲೂ ಮಾಡಬೇಕೆಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಹುಡುಕುತ್ತಿದ್ದ. ಎಣ್ಣೆ ಮಿಲ್ಲೊಂದರ ಆಫೀಸಿನಲ್ಲಿದ್ದ ಮಷಿನ್ ಮಾರಾಟಕ್ಕಿದೆ ಎಂದು ಗೊತ್ತಾದ ದಿನ ನನಗೆ ಫೋನ್ ಮಾಡಿದ. "ಮಾಮಾ, ಅದರಾಗೆ ನಾಲ್ಕು ಜಿಬಿ ಗ್ರಾಫಿಕ್ಸ್ ಕಾರ್ಡ್ ಐತಂತೆ, ಜಿಟಿಎಕ್ಸ್ 1050 ಟಿಐ. ತಗೋಬೋದಾ?" ನಾನಿರುವುದು ದಾವಣಗೆರೆಯಲ್ಲಿ. ಅದಕ್ಕೆಂದು ಚಳ್ಳಕೆರೆಗೆ ಹೋಗಿ ಬರಲು ಒಂದು ದಿನ ಬೇಕು. "ಸೈಡ್ ಪ್ಯಾನೆಲ್ ಬಿಚ್ಚಿ ಫೋಟೋ ಕಳ್ಸಪ್ಪ, ನೋಡಿ ಹೇಳ್ತೀನಿ" ಅಂದೆ.

ಆ ಫೋಟೋಗಳಲ್ಲಿ ನಾನು ಏನೇನು ನೋಡಿದೆ, ಯಾವುದನ್ನು ನಂಬಿದೆ, ಯಾವುದನ್ನು ಬಿಟ್ಟೆ ಎಂಬುದನ್ನೇ ಇಲ್ಲಿ ಬರೆದಿದ್ದೇನೆ. ನಾನು ಪಾಲಿಸುವ ನಿಯಮ ಒಂದೇ: ಯಾವ ಭಾಗವೇ ಆಗಲಿ, ಅದು ಇಂಥದ್ದೇ ಎಂದು ಹೇಳಲು ಎರಡು ಸಾಕ್ಷಿ ಬೇಕು. ಒಂದು, ಅದರ ಮೇಲೆ ಬರೆದಿರುವ ಹೆಸರು. ಇನ್ನೊಂದು, ಬರೆದು ಬದಲಾಯಿಸಲಾಗದ ಅದರ ಆಕಾರ: ಪೋರ್ಟು, ಸ್ಲಾಟು, ಕನೆಕ್ಟರು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ದುಡ್ಡು ಕೊಡುವ ಮಾತು.

ಫೋಟೋ ತೆಗೆಯುವ ಕ್ರಮ

ಮೊದಲ ಸಲ ಅವನು ಕಳಿಸಿದ ಫೋಟೋದಲ್ಲಿ ಕಂದು ಬಣ್ಣದ ಧೂಳು, ಒಂದಿಷ್ಟು ವೈರು, ನಡುವೆ ಫ್ಲಾಶಿನ ಬಿಳಿ ಕಲೆ. ಇಷ್ಟೇ ಇತ್ತು. ಎಣ್ಣೆ ಮಿಲ್ಲಿನ ಧೂಳಿಗೆ ಜಿಡ್ಡು ಸೇರಿ ಮದರ್‌ಬೋರ್ಡಿಗೆ ಮೆತ್ತಿಕೊಂಡಿರುತ್ತದೆ. ನಮ್ಮಲ್ಲಿ ಮಂಡಕ್ಕಿ ಭಟ್ಟಿಯ ಕಡೆಯಿಂದ ಬರುವ ಮಷಿನ್ನುಗಳಲ್ಲಿ ಇದೇ ರೀತಿ ಮಸಿ ಕೂತಿರುತ್ತದೆ. ಅದನ್ನು ತೆಗೆಯದೆ ಅಕ್ಷರ ಕಾಣುವುದಿಲ್ಲ.

ಹಾಗಾಗಿ ಹೀಗೆ ಮಾಡಲು ಹೇಳಿದೆ. ಮೊದಲು ಸ್ವಿಚ್ ಆಫ್ ಮಾಡಿ ಪವರ್ ಕೇಬಲ್ ಹಿಂದಿನಿಂದ ಕಿತ್ತುಬಿಡು. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿ, ಒಳಗೆ ಉಳಿದ ಕರೆಂಟು ಇಳಿಯುತ್ತದೆ. ಕ್ಯಾಬಿನೆಟ್ಟನ್ನು ಬೋರ್ಡು ಮೇಲೆ ಕಾಣುವಂತೆ ಅಡ್ಡ ಮಲಗಿಸು. ಒಣಗಿದ ಮೆತ್ತನೆಯ ಪೇಂಟ್ ಬ್ರಷ್‌ನಿಂದ ಧೂಳು ಬಿಡಿಸು, ಒದ್ದೆ ಬಟ್ಟೆ ಬೇಡ. ಬ್ಲೋಯರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿ, ಇಲ್ಲದಿದ್ದರೆ ಅದು ಗರಗರ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಫ್ಲಾಶ್ ಹಾಕಬೇಡಿ. ಇನ್ನೊಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಬಿಡಿ. ಬೋರ್ಡಿನ ಬಿಳಿ ಅಕ್ಷರಗಳು ಎದ್ದು ಕಾಣುತ್ತವೆ. ಬೇಕಾಗಿರುವುದು ಆರು ಫೋಟೋ: ಇಡೀ ಒಳಭಾಗ ನೇರ ಮೇಲಿನಿಂದ, ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟುಗಳು, ಕಾರ್ಡನ್ನು ಬಿಚ್ಚಿ ಅದರ ಎರಡೂ ಮುಖ, ಕಾರ್ಡ್ ಇಲ್ಲದ ಬೋರ್ಡು, ಕೊನೆಗೆ ಮಷಿನ್ನಿಗೆ ಕರೆಂಟು ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್ ಮೇಲಿನ ಲೇಬಲ್. ಕಾರ್ಡ್ ಬಿಚ್ಚುವಾಗ ಹಿಂದಿನ ಸ್ಕ್ರೂ ತೆಗೆದ ಮೇಲೂ ಸ್ಲಾಟಿನ ತುದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕೊಂಡಿ ಹಿಡಿದಿರುತ್ತದೆ. ಅದನ್ನು ಒತ್ತದೆ ಎಳೆದರೆ ಸ್ಲಾಟೇ ಕಿತ್ತು ಬರಬಹುದು.

ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ದೊಡ್ಡದು ಮಾಡಿ ನೋಡಿದರೆ 8 ಯಾವುದು, B ಯಾವುದು ತಿಳಿಯುವುದಿಲ್ಲ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿದೆ. ಎರಡನೇ ಸಲ ಬಂದ ಫೋಟೋಗಳಲ್ಲಿ ಒಂದೊಂದು ಅಕ್ಷರವೂ ಓದುವಂತಿತ್ತು.

ಬೋರ್ಡಿನ ಹೆಸರು ಎಲ್ಲಿರುತ್ತದೆ, ಹೆಸರಲ್ಲದ್ದು ಯಾವುದು

ಬೋರ್ಡಿನ ಮಾಡೆಲ್ ಹೆಸರು ಸಾಮಾನ್ಯವಾಗಿ ಎರಡು ಜಾಗದಲ್ಲಿರುತ್ತದೆ: ಪ್ರೊಸೆಸರ್ ಫ್ಯಾನಿಗೂ ಉದ್ದನೆಯ ಗ್ರಾಫಿಕ್ಸ್ ಸ್ಲಾಟಿಗೂ ನಡುವಿನ ಖಾಲಿ ಜಾಗ, ಇಲ್ಲವೇ ಸ್ಲಾಟುಗಳ ನಡುವಿನ ಜಾಗ. ಇಲ್ಲಿ ಕಾರ್ಡ್ ಬಿಚ್ಚಿದ ಕೂಡಲೇ ಅದರ ಕೆಳಗೆ ದಪ್ಪ ಅಕ್ಷರದಲ್ಲಿ `GA-H81M-S` ಕಂಡಿತು. ಇದು ಗಿಗಾಬೈಟ್ ಬೋರ್ಡು. ಈ ಕಂಪನಿಯ ಬೋರ್ಡುಗಳಲ್ಲಿ ಮೂಲೆಯ ಅಂಚಿನಲ್ಲಿ `REV:` ಎಂದು ಬರೆದು ಮುಂದೆ ಒಂದು ಸಂಖ್ಯೆ ಹಾಕಿರುತ್ತಾರೆ. ಅದನ್ನೂ ಬರೆದುಕೊಳ್ಳಬೇಕು. ಒಂದೇ ಹೆಸರಿನ ಬೋರ್ಡಿಗೆ ರಿವಿಷನ್ ಬದಲಾದರೆ ಕಂಪನಿಯ ವೆಬ್‌ಸೈಟಿನಲ್ಲಿ ಪುಟವೂ ಬೇರೆ, ಬೋರ್ಡನ್ನು ಶುರು ಮಾಡುವ ಬಯೋಸ್ ಫೈಲೂ ಬೇರೆ.

ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಬೋರ್ಡಿನ ಮೇಲೆ `94V-0` ಎಂದು ಎದ್ದು ಕಾಣುತ್ತದೆ, ಅದನ್ನೇ ಮಾಡೆಲ್ ಎಂದುಕೊಂಡು ಗೂಗಲ್‌ನಲ್ಲಿ ಹುಡುಕುತ್ತಾರೆ. ಅದು ಆ ಹಲಗೆ ಬೆಂಕಿಗೆ ಎಷ್ಟು ತಡೆದುಕೊಳ್ಳುತ್ತದೆ ಎಂಬ ದರ್ಜೆ. ಜಗತ್ತಿನ ಸಾವಿರಾರು ಬೋರ್ಡುಗಳ ಮೇಲೆ ಅದೇ ಇರುತ್ತದೆ. ಅದರ ಪಕ್ಕದಲ್ಲಿ E ಅಕ್ಷರದಿಂದ ಶುರುವಾಗುವ ಐದಾರು ಅಂಕಿ ಇದ್ದರೆ ಅದು ಹಲಗೆ ತಯಾರಿಸಿದ ಕಾರ್ಖಾನೆಯ ಪ್ರಮಾಣಪತ್ರದ ನಂಬರ್. ಎಂಎಸ್‌ಐ ಬೋರ್ಡಿನಲ್ಲಿ `MS-7` ಎಂದು ಶುರುವಾಗುವ ನಂಬರ್ ಇದ್ದರೆ ಅದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಆದರೆ ಒಂದೇ ನಂಬರಿನ ಹಲಗೆಯಲ್ಲಿ ಎರಡು ಮೂರು ಮಾಡೆಲ್ ಮಾಡಿರುತ್ತಾರೆ, ಹಾಗಾಗಿ ಪಕ್ಕದ ಇನ್ನೊಂದು ಹೆಸರನ್ನೂ ಹುಡುಕಬೇಕು.

ಈಗ ಎರಡನೇ ಸಾಕ್ಷಿ. ಹೆಸರಿನೊಳಗಿನ `H81` ಚಿಪ್‌ಸೆಟ್, ಬೋರ್ಡಿಗೆ ಯಾವ ಪ್ರೊಸೆಸರ್ ಹೊಂದುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ನಮ್ಮ ಕಡೆಯ ಹಳೆಯ ಅಸೆಂಬಲ್ಡ್ ಮಷಿನ್ನುಗಳಲ್ಲಿ ಹೆಚ್ಚಾಗಿ ಸಿಗುವುದು ನಾಲ್ಕು. ಎಚ್61 ಆದರೆ ಇಂಟೆಲ್ ಎರಡು, ಮೂರನೇ ತಲೆಮಾರಿನ ಪ್ರೊಸೆಸರ್. ಎಚ್81 ಆದರೆ ನಾಲ್ಕನೆಯದು. ಎಚ್110 ಆದರೆ ಆರು, ಏಳು. ಎಚ್310 ಆದರೆ ಎಂಟು, ಒಂಬತ್ತು. ಪ್ರೊಸೆಸರ್ ಫ್ಯಾನಿನ ಕೆಳಗೆ ಮುಚ್ಚಿರುವುದರಿಂದ ಫೋಟೋದಲ್ಲಿ ಕಾಣುವುದಿಲ್ಲ. ಫ್ಯಾನ್ ನೋಡಿ ಊಹಿಸಲೂ ಆಗದು, ಏಕೆಂದರೆ ಈ ನಾಲ್ಕಕ್ಕೂ ಫ್ಯಾನ್ ಕೂರಿಸುವ ತೂತುಗಳ ಅಳತೆ ಒಂದೇ. ಹಾಗಾಗಿ ಸಾಕ್ಷಿಗೆ ನಾನು ನೋಡುವುದು ರ‍್ಯಾಮ್ ಮೇಲಿನ ಸ್ಟಿಕ್ಕರ್. ಇಲ್ಲಿ `PC3-12800` ಎಂದಿತ್ತು. PC3 ಎಂದರೆ ಡಿಡಿಆರ್3, PC4 ಎಂದಿದ್ದರೆ ಡಿಡಿಆರ್4. ಎಚ್81 ಬೋರ್ಡಿಗೆ ಡಿಡಿಆರ್3 ಸರಿಹೊಂದುತ್ತದೆ. ಸ್ಟಿಕ್ಕರ್ ಹರಿದಿದ್ದರೆ ರ‍್ಯಾಮ್ ಬಿಚ್ಚಿ ಕೆಳಗಿನ ಚಿನ್ನದ ಬಣ್ಣದ ಅಂಚು ನೋಡಿ: ಡಿಡಿಆರ್3 ಆದರೆ ಅಂಚು ನೇರ, ಡಿಡಿಆರ್4 ಆದರೆ ನಡುವಿನಲ್ಲಿ ಸ್ವಲ್ಪ ಇಳಿದು ಬಾಗಿದಂತೆ ಇರುತ್ತದೆ.

ಇನ್ನೊಂದು ಕಡೆ ಕಣ್ಣು ಹಾಯಿಸಬೇಕು. ಬೋರ್ಡಿನ ಅಂಚಿನಲ್ಲಿ ಎಸ್‌ಎಂಪಿಎಸ್‌ನಿಂದ ಬರುವ ದಪ್ಪ ಕನೆಕ್ಟರ್ ಎರಡು ಸಾಲಿನದು, ಸಾಲಿಗೆ ಹನ್ನೆರಡು ಪಿನ್ ಇರಬೇಕು. ದೊಡ್ಡ ಕಂಪನಿಗಳ ಆಫೀಸ್ ಡೆಸ್ಕ್‌ಟಾಪುಗಳಲ್ಲಿ ಆ ಜಾಗದಲ್ಲಿ ಆರು ಅಥವಾ ಎಂಟು ಪಿನ್ನಿನ ಬೇರೆಯೇ ಕನೆಕ್ಟರ್ ಇರುವುದುಂಟು. ಅಂಥದ್ದಕ್ಕೆ ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ನೇರವಾಗಿ ಹೊಂದುವುದಿಲ್ಲ. ಈ ಮಷಿನ್‌ನಲ್ಲಿ 24 ಪಿನ್ನೇ ಇತ್ತು.

ಕಾರ್ಡು: ಹೆಸರಿಗಿಂತ ಪೋರ್ಟು ಮುಖ್ಯ

ಕ್ಯಾಬಿನೆಟ್ಟನ್ನು ಪಕ್ಕದಿಂದ ನೋಡಿದಾಗ ಕಾಣುವುದು ಕಾರ್ಡಿನ ಅಂಚು ಮಾತ್ರ. ಅಲ್ಲಿ ದೊಡ್ಡದಾಗಿ ಜಿಫೋರ್ಸ್ ಎಂದಿರುತ್ತದೆ, ಯಾವ ಚಿಪ್ ಎಂದು ಅದು ಹೇಳುವುದಿಲ್ಲ. ಒಂದೇ ಫ್ಯಾನ್ ಕವರನ್ನು ಕಂಪನಿಗಳು ನಾಲ್ಕು ಕಾರ್ಡಿಗೆ ಹಾಕುತ್ತವೆ. ನಿಜವಾದ ಮಾಡೆಲ್ ಇರುವುದು ಕಾರ್ಡಿನ ಬೆನ್ನಿಗೆ ಅಂಟಿಸಿದ ಬಾರ್‌ಕೋಡ್ ಸ್ಟಿಕ್ಕರಿನಲ್ಲಿ. ಗಿಗಾಬೈಟ್ ಕಾರ್ಡಾದರೆ `GV-` ಎಂದು, ಜೋಟ್ಯಾಕ್ ಆದರೆ `ZT-` ಎಂದು ಶುರುವಾಗುತ್ತದೆ. ಅದನ್ನು ಇದ್ದ ಹಾಗೇ ಟೈಪ್ ಮಾಡಿ ಹುಡುಕಿದರೆ ಆ ಕಾರ್ಡಿನ ಪುಟವೇ ಸಿಗುತ್ತದೆ.

ಪೂರ್ತಿ ಕೋಡ್ ಯಾಕೆ ಬೇಕು ಎಂದರೆ, ಹೆಸರೊಂದೇ ಸಾಲದು. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್ ಮಾರಾಟವಾಗಿವೆ: ಒಂದರಲ್ಲಿ 96 ಕೋರ್, ಇನ್ನೊಂದರಲ್ಲಿ 384. ಡಬ್ಬದ ಮೇಲೆ ಎರಡಕ್ಕೂ ಹೆಸರು ಒಂದೇ.

ನಮ್ಮ ಹುಡುಗ ಕಳಿಸಿದ ಕಾರ್ಡಿನ ಬೆನ್ನಿಗೆ ಕಂಪನಿಯ ಹೆಸರಿಲ್ಲದ ಬಿಳಿ ಸ್ಟಿಕ್ಕರ್ ಇತ್ತು. ಅದರಲ್ಲಿ ಜಿಟಿಎಕ್ಸ್ 1050 ಟಿಐ, 4 ಜಿಬಿ ಎಂದಷ್ಟೇ ಇತ್ತು. ಅದು ಮೊದಲನೇ ಸಾಕ್ಷಿ. ಎರಡನೆಯದಕ್ಕೆ ಹಿಂಬದಿಯ ಫೋಟೋ ತೆರೆದು ನೋಡಿದೆ. ಕಾರ್ಡಿನ ತುದಿಯ ತಗಡಿನ ಪಟ್ಟಿಯಲ್ಲಿ ಮೂರು ಪೋರ್ಟು: ಒಂದು ಎಚ್‌ಡಿಎಂಐ, ಒಂದು ಡಿವಿಐ, ಅದರ ಪಕ್ಕದಲ್ಲಿ ನೀಲಿ ಬಣ್ಣದ, ಮೂರು ಸಾಲಿನಲ್ಲಿ ಹದಿನೈದು ತೂತಿನ ವಿಜಿಎ. ಅದನ್ನು ನೋಡಿದ ಕೂಡಲೇ ಫೋನ್ ಮಾಡಿ "ಇನ್ನೂ ದುಡ್ಡು ಕೊಟ್ಟಿಲ್ಲ ತಾನೆ?" ಎಂದು ಕೇಳಿದೆ.

ಕಾರಣ ಇಷ್ಟು. 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಯಿಂದ ಎನ್‌ವಿಡಿಯಾ ಚಿಪ್‌ನಲ್ಲಿ ಹಳೆಯ ಅನಲಾಗ್ ಸಿಗ್ನಲ್ ಹೊರಡಿಸುವ ವ್ಯವಸ್ಥೆಯನ್ನೇ ತೆಗೆದುಹಾಕಿತು. ವಿಜಿಎ ಪೋರ್ಟಿಗೆ ಬೇಕಾದದ್ದು ಆ ಸಿಗ್ನಲ್ಲೇ. ಹಾಗಾಗಿ 1050 ಟಿಐ ಎಂದು ಹೇಳುವ ಕಾರ್ಡಿನಲ್ಲಿ ವಿಜಿಎ ಕಂಡರೆ ಒಳಗಿರುವುದು ಅದಕ್ಕಿಂತ ಹಳೆಯ ಚಿಪ್ ಎಂದು ಅನುಮಾನಿಸಲೇಬೇಕು. ಡಿವಿಐ ಪೋರ್ಟೂ ಇದೇ ಮಾತು ಹೇಳುತ್ತದೆ. ಅದರ ಒಂದು ತುದಿಯಲ್ಲಿ ಚಪ್ಪಟೆ ಸೀಳು ಇರುತ್ತದಲ್ಲ, ಅದರ ಸುತ್ತ ನಾಲ್ಕು ತೂತುಗಳಿದ್ದರೆ ಅನಲಾಗ್ ಹೊರಡುವ ಪೋರ್ಟು; ಸೀಳಿನ ಸುತ್ತ ಏನೂ ಇಲ್ಲದಿದ್ದರೆ ಡಿಜಿಟಲ್ ಮಾತ್ರ. 10 ಸರಣಿಯ ಕಾರ್ಡಿನಲ್ಲಿ ಎರಡನೆಯದೇ ಇರಬೇಕು. ಈ ಕಾರ್ಡಿನಲ್ಲಿ ನಾಲ್ಕು ತೂತು ಸ್ಪಷ್ಟವಾಗಿ ಕಾಣುತ್ತಿದ್ದವು.

ಹುಡುಗನಿಗೆ ನಂಬಿಕೆ ಬರಲಿಲ್ಲ. "ವಿಂಡೋಸ್‌ನಾಗೆ 1050 ಟಿಐ ಅಂತಾನೇ ತೋರಿಸ್ತೈತೆ ಮಾಮಾ" ಅಂದ. ತೋರಿಸಿಯೇ ತೋರಿಸುತ್ತದೆ. ಇಂಥ ಕಾರ್ಡುಗಳಲ್ಲಿ ಒಳಗಿನ ಬಯೋಸನ್ನೇ ತಿದ್ದಿರುತ್ತಾರೆ, ವಿಂಡೋಸ್ ಓದುವುದು ಅಲ್ಲಿಂದ. ಹಾಗಾಗಿ ಇಲ್ಲಿ ಪರದೆ ಹೇಳಿದ್ದಕ್ಕಿಂತ ಪೋರ್ಟಿನ ಫೋಟೋ ಹೇಳಿದ್ದೇ ನಿಜ. ಪೆನ್‌ಡ್ರೈವಿನಲ್ಲಿ ಕಾರ್ಡಿನ ವಿವರ ತೋರಿಸುವ `GPU-Z` ಹಾಕಿಕೊಂಡು ಹೋಗಿ ಅಲ್ಲಿಯೇ ತೆರೆಯಲು ಹೇಳಿದೆ. ಇದು ಉಚಿತ, ಇನ್‌ಸ್ಟಾಲ್ ಮಾಡದೆಯೂ ಓಡುತ್ತದೆ. ಹೆಸರಿನ ಮುಂದೆ `[FAKE]` ಎಂದು ಬಂತು, ಚಿಪ್ 2010ರ ಸುಮಾರಿನ ಫರ್ಮಿ ಕಾಲದ್ದು. ಆ ಕಾಲದ ಚಿಪ್‌ಗಳಿಗೆ ಎನ್‌ವಿಡಿಯಾ 2018ರಲ್ಲೇ ಹೊಸ ಡ್ರೈವರ್ ಕೊಡುವುದನ್ನು ನಿಲ್ಲಿಸಿದೆ. ಈಗಿನ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಮುಟ್ಟುವುದೂ ಇಲ್ಲ.

ಮಾರುತ್ತಿದ್ದವರು ಮೋಸ ಮಾಡಲು ಹೊರಟವರಲ್ಲ. ಆನ್‌ಲೈನಿನಲ್ಲಿ ಕಡಿಮೆ ರೇಟಿಗೆ ಸಿಕ್ಕಿತೆಂದು ಅವರೂ ನಂಬಿ ತರಿಸಿದ್ದರು. ಪೋರ್ಟು ತೋರಿಸಿ ವಿವರಿಸಿದಾಗ ಅರ್ಥಮಾಡಿಕೊಂಡು ಕಾರ್ಡಿನ ದುಡ್ಡು ಬಿಟ್ಟು ಮಷಿನ್ ಕೊಟ್ಟರು. ಬೋರ್ಡು ಚೆನ್ನಾಗಿತ್ತು, ತೆಗೆದುಕೋ ಎಂದೆ.

ಅಳತೆ ಮತ್ತು ಕರೆಂಟು: ಹೊಸ ಕಾರ್ಡ್ ಹಿಡಿಯುತ್ತದೆಯೇ

ಕ್ಯಾಬಿನೆಟ್ಟಿನಲ್ಲಿ ಜಾಗ ಎಷ್ಟಿದೆ ಎಂಬುದನ್ನೂ ಫೋಟೋದಿಂದಲೇ ಅಳೆಯಬಹುದು. ಉದ್ದನೆಯ ಗ್ರಾಫಿಕ್ಸ್ ಸ್ಲಾಟ್ ಯಾವ ಬೋರ್ಡಿನಲ್ಲೂ 89 ಮಿ.ಮೀ. ಕಾರ್ಡ್ ಇಲ್ಲದ ಬೋರ್ಡಿನ ಫೋಟೋವನ್ನು ಕಂಪ್ಯೂಟರ್ ಪರದೆಯಲ್ಲಿ ತೆರೆದು ಸ್ಕೇಲ್ ಇಟ್ಟೆ. ಸ್ಲಾಟ್ 41 ಮಿ.ಮೀ. ಬಂತು, ಹಿಂಬದಿ ತಗಡಿನಿಂದ ಹಾರ್ಡ್ ಡಿಸ್ಕ್ ಕೂರುವ ಗೂಡಿನವರೆಗೆ 118 ಮಿ.ಮೀ. ಬಂತು. 118ನ್ನು 41ರಿಂದ ಭಾಗಿಸಿ 89ರಿಂದ ಗುಣಿಸಿದರೆ ಸುಮಾರು 256 ಮಿ.ಮೀ. ಕ್ಯಾಮೆರಾ ಓರೆಯಾಗಿದ್ದರೆ ಈ ಲೆಕ್ಕ ತಪ್ಪುತ್ತದೆ, ಬೋರ್ಡಿಗಿಂತ ಮೇಲೆ ಎದ್ದಿರುವ ಗೂಡು ಇದ್ದುದಕ್ಕಿಂತ ದೊಡ್ಡದಾಗಿಯೂ ಕಾಣುತ್ತದೆ. ಅದಕ್ಕೆ ನಾನು ಯಾವಾಗಲೂ ಎರಡು ಸೆಂಟಿಮೀಟರ್ ಕಳೆದೇ ಇಟ್ಟುಕೊಳ್ಳುತ್ತೇನೆ. ಇಲ್ಲಿ 23 ಸೆಂ.ಮೀ. ಖಂಡಿತ ಎಂದು ಹಿಡಿದೆ. ಕಾರ್ಡಿನ ದಾರಿಯಲ್ಲಿ ಹಾರ್ಡ್ ಡಿಸ್ಕಿನ ಸಾಟಾ ಪೋರ್ಟುಗಳು ಮೇಲ್ಮುಖವಾಗಿ ನಿಂತಿದ್ದರೆ ಅದನ್ನೂ ಈ ಫೋಟೋದಲ್ಲೇ ನೋಡಿಕೊಳ್ಳಬೇಕು. ದಪ್ಪ ಕಾರ್ಡ್ ಕೂತರೆ ಕೇಬಲ್ ಚುಚ್ಚಲು ಆಗುವುದಿಲ್ಲ.

ಇನ್ನು ಎಸ್‌ಎಂಪಿಎಸ್. ಅದರ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿತ್ತು. ಆ ಅಂಕಿಯನ್ನು ನಾನು ಓದುವುದೇ ಇಲ್ಲ. ಕೆಳಗಿನ ಸಣ್ಣ ಕೋಷ್ಟಕದಲ್ಲಿ `+12V` ಎಂಬ ಕಾಲಮ್ಮಿನ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಬೇಕು. ಪ್ರೊಸೆಸರ್, ಕಾರ್ಡ್ ಎರಡೂ ಕರೆಂಟು ಎಳೆಯುವುದು ಬಹುಪಾಲು ಅಲ್ಲಿಂದಲೇ. ಇಲ್ಲಿ 16A ಇತ್ತು. 12 ಗುಣಿಸು 16, ಒಟ್ಟು 192 ವ್ಯಾಟ್. 450 ಎಂದು ಬರೆದ ಡಬ್ಬದಲ್ಲಿ ನಮ್ಮ ಕೆಲಸಕ್ಕೆ ಬರುವುದು ಅಷ್ಟೇ, ಅದೂ ಲೇಬಲ್ ನಿಜ ಹೇಳುತ್ತಿದ್ದರೆ.

ಇದರ ಮೇಲೆ ಕಾರ್ಡ್ ಆರಿಸಿದೆವು. ಸ್ಲಾಟ್ ಒಂದರಿಂದಲೇ ಕಾರ್ಡಿಗೆ 75 ವ್ಯಾಟ್‌ವರೆಗೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಮೇಲಿನ ಅಂಚಿನಲ್ಲಿ ಆರು ಪಿನ್ ಅಥವಾ ಎಂಟು ಪಿನ್ ಕನೆಕ್ಟರ್ ಇರುತ್ತದೆ, ಫೋಟೋದಲ್ಲಿ ಅದು ಎದ್ದು ಕಾಣುತ್ತದೆ. ಈ ಎಸ್‌ಎಂಪಿಎಸ್‌ನಲ್ಲಿ ಅಂಥ ವೈರೇ ಇರಲಿಲ್ಲ. ಹಾಗಾಗಿ ಕನೆಕ್ಟರ್ ಇಲ್ಲದ ಜಿಟಿಎಕ್ಸ್ 1650 ನಮ್ಮ ಮಿತಿ. ಒಂದೇ ಫ್ಯಾನಿನ ಮಾಡೆಲುಗಳು 15ರಿಂದ 18 ಸೆಂ.ಮೀ. ಉದ್ದ, ಜಾಗಕ್ಕೆ ತೊಂದರೆಯಿಲ್ಲ. ಇದೇ ಹೆಸರಿನಲ್ಲಿ ಆರು ಪಿನ್ ಇರುವ ಮಾಡೆಲೂ ಇದೆ, ಕೊಳ್ಳುವ ಮುಂಚೆ ಮಾರುವವರಿಂದ ಆ ಅಂಚಿನ ಫೋಟೋ ತರಿಸಿಕೊಳ್ಳಿ.

ಹುಡುಗ ಎಎಂಡಿಯ ಆರ್‌ಎಕ್ಸ್ 6400 ಕಾರ್ಡ್ ಕೇಳಿದ್ದ. ಅದೂ ಸ್ಲಾಟಿನ ಕರೆಂಟಿನಲ್ಲೇ ಓಡುತ್ತದೆ, ಬೇಡ ಎಂದೆ. ಎಚ್81 ಬೋರ್ಡಿನ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 2.0. ಅಲ್ಲಿ ಡೇಟಾ ಸಾಗುವ ಒಂದೊಂದು ದಾರಿ, ಅಂದರೆ ಲೇನ್, ಸೆಕೆಂಡಿಗೆ 500 ಎಂಬಿ ಸಾಗಿಸುತ್ತದೆ. 1650 ಹದಿನಾರು ಲೇನ್ ಬಳಸುವುದರಿಂದ 8 ಜಿಬಿ ಸಿಗುತ್ತದೆ. 6400 ಬಳಸುವುದು ನಾಲ್ಕೇ ಲೇನ್, ಅಂದರೆ ಬರೀ 2 ಜಿಬಿ. ಜೊತೆಗೆ 6400ರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ ಭಾಗವೇ ಇಲ್ಲ. ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಮಾಡುವವನಿಗೆ ಬೇಕಾಗಿರುವುದೇ ಅದು, 1650ರಲ್ಲಿ ಅದು ಇದೆ.

ಪ್ರೊಸೆಸರ್ ಐ3 ಇತ್ತು, ಸೆಕೆಂಡ್ ಹ್ಯಾಂಡ್ ಐ5-4570 ಹಾಕಲು ಹೇಳಿದೆ. 4590 ಏಕೆ ಬೇಡ ಎಂದರೆ, ಅದು 2014ರದು. ಮೊದಮೊದಲ ಎಚ್81 ಬೋರ್ಡುಗಳಿಗೆ ಅದು ಗೊತ್ತಾಗಬೇಕಾದರೆ ಬಯೋಸ್ ಅಪ್‌ಡೇಟ್ ಬೇಕು. 2013ರ 4570ಗೆ ಆ ಗೋಜಿಲ್ಲ. ಅದಕ್ಕೆ 84 ವ್ಯಾಟ್, ಕಾರ್ಡಿಗೆ 75, ಎರಡೇ ಸೇರಿ 159. ಡಿಸ್ಕು, ಫ್ಯಾನು, ಬೋರ್ಡು ಸೇರಿದರೆ 192ರ ಅಂಚಿಗೆ ಬಂದುಬಿಡುತ್ತದೆ. ಬೇಸಿಗೆಯ ಮಧ್ಯಾಹ್ನ ಚಳ್ಳಕೆರೆಯ ಸೆಕೆಯಲ್ಲಿ ಒಂದು ತಾಸು ಎಕ್ಸ್‌ಪೋರ್ಟ್ ಓಡಿದರೆ ಆ ಎಸ್‌ಎಂಪಿಎಸ್ ಮೇಲೆ ನನಗೆ ಭರವಸೆ ಇಲ್ಲ. 12 ವೋಲ್ಟಿನಲ್ಲಿ 30 ಆಂಪಿಯರ್ ಮೀರಿ ಕೊಡುವ ಒಳ್ಳೆಯದೊಂದನ್ನು ಮೊದಲು ಹಾಕಿಸಿದೆ. ರ‍್ಯಾಮ್ ಸ್ಲಾಟ್ ಎರಡೇ, ಎರಡರಲ್ಲೂ 8 ಜಿಬಿ ಹಾಕಿ 16 ಮಾಡಿದರೆ ಆ ಬೋರ್ಡಿನ ಮಿತಿ ಮುಗಿಯಿತು.

ಮಷಿನ್ ಆನ್ ಆದ ಮೇಲೆ ತಾಳೆ ನೋಡುವುದು

ಫೋಟೋದಲ್ಲಿ ಓದಿದ ಬೋರ್ಡಿನ ಹೆಸರನ್ನು ವಿಂಡೋಸಿನ ಪವರ್‌ಶೆಲ್‌ನಲ್ಲಿ ಹೀಗೆ ತಾಳೆ ನೋಡಬಹುದು:

```
Get-CimInstance Win32_BaseBoard | Select-Object Manufacturer, Product, Version
```

`Product` ಕಾಲಮ್ಮಿನ ಕೆಳಗೆ ಬೋರ್ಡಿನ ಮೇಲಿನ ಹೆಸರೇ ಬರಬೇಕು, ಗಿಗಾಬೈಟಿನದಾದರೆ ಮೊದಲಿನ `GA-` ಇಲ್ಲದೆಯೂ ಬರಬಹುದು. ಹೆಸರಿಲ್ಲದ ಅಗ್ಗದ ಬೋರ್ಡುಗಳಲ್ಲಿ `To be filled by O.E.M.` ಎಂದು ಬರುವುದುಂಟು. ಆಗ ಚಿಪ್‌ಸೆಟ್ ಹೆಸರು, ರ‍್ಯಾಮ್ ಸ್ಟಿಕ್ಕರ್ ಎರಡರ ಮೇಲೆಯೇ ನಡೆಯಬೇಕು.

ಹೊಸ ಕಾರ್ಡ್ ಕೂರಿಸಿದ ದಿನ ಹುಡುಗ ಮತ್ತೆ ಗಾಬರಿಯಿಂದ ಫೋನ್ ಮಾಡಿದ. ಈ ಸಲ `[FAKE]` ಇರಲಿಲ್ಲ, ಆದರೆ `GPU-Z`ನ `Bus Interface` ಸಾಲಿನಲ್ಲಿ 2.0 ಬದಲು 1.1 ಎಂದು ತೋರಿಸುತ್ತಿತ್ತು. ಕೆಲಸವಿಲ್ಲದಾಗ ಕಾರ್ಡ್ ಕರೆಂಟು ಉಳಿಸಲು ಆ ವೇಗಕ್ಕೆ ಇಳಿಯುತ್ತದೆ. ಆ ಸಾಲಿನ ಪಕ್ಕದ `?` ಗುಂಡಿ ಒತ್ತಿ ಅಲ್ಲಿರುವ ಟೆಸ್ಟ್ ಓಡಿಸು ಎಂದೆ. ಕಾರ್ಡಿಗೆ ಕೆಲಸ ಬೀಳುತ್ತಿದ್ದಂತೆ ಸಾಲು `x16 2.0` ಆಯಿತು. ಅಲ್ಲಿ x16 ಬದಲು x8 ಅಥವಾ x4 ಬಂದಿದ್ದರೆ ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಕೂತಿಲ್ಲ, ಇಲ್ಲವೇ ಆ ಎಣ್ಣೆ ಧೂಳು ಸ್ಲಾಟಿನೊಳಗೆ ಇನ್ನೂ ಉಳಿದಿದೆ ಎಂದು ಮತ್ತೆ ಬಿಚ್ಚಿಸುತ್ತಿದ್ದೆ.